ನಾಲ್ಕನೆಯವಳ ಷರಾ

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೆಂದರೆ ನನಗೆ ಮೊದಲಿನಿಂದಲೂ ಒಂದು ರುಚಿ. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ದಾಟಿ ಹೋಗಿದೆ. ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಮೇಡಂ ನಾನು. ಉತ್ತರ ಪತ್ರಿಕೆ ತಿದ್ದಿ ತಿದ್ದಿ ಕೆಂಪು ಪೆನ್ನು ಕೈಗೇ ಅಂಟಿಕೊಂಡಿದೆ. ಹೀಗಾಗಿ ವಿಜ್ಞಾನ ಸಮ್ಮೇಳನದವರು ಯಾರದೋ ಸಂಶೋಧನಾ ಪೇಪರನ್ನು ಹೆಸರು ತೆಗೆದು ಕಳಿಸಿ, ಇದು ಒಳಗೆ ಬರಬಹುದೋ ಬೇಡವೋ ನೋಡಿ ಹೇಳಿ ಎಂದರೆ ನಾನು ಬೇಡ ಎನ್ನುವುದಿಲ್ಲ. ಬರೆದವರು ಯಾರೆಂದು ನನಗೆ ಗೊತ್ತಿರುವುದಿಲ್ಲ, ತಿದ್ದಿದವಳು ಯಾರೆಂದು ಅವರಿಗೂ ಗೊತ್ತಾಗುವುದಿಲ್ಲ. ಇಬ್ಬರ ಮಾನವೂ ಉಳಿಯುವ ಏರ್ಪಾಡು.

ಆ ಭಾನುವಾರ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೆರೆದ ಪೇಪರು ಭತ್ತದ ಎಲೆಗಳ ಫೋಟೋಗಳದ್ದು. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಗದ್ದೆಗಳಲ್ಲಿ ಮೊಬೈಲಿನಿಂದ ತೆಗೆದ ಸಾವಿರಾರು ಫೋಟೋ. ಒಂದೊಂದಕ್ಕೂ ಒಂದು ಲೇಬಲ್: ಬೆಂಕಿ ರೋಗ, ದುಂಡಾಣು ಅಂಗಮಾರಿ, ಕಂದು ಚುಕ್ಕೆ, ಆರೋಗ್ಯವಾಗಿದೆ. ಇನ್ನು ಮುಂದೆ ಯಾರೇ ಎಲೆ ನೋಡಿ ರೋಗ ಹೇಳುವ ಯಂತ್ರ ಮಾಡಿದರೂ ಈ ಫೋಟೋಗಳ ಮೇಲೆ ಪರೀಕ್ಷೆ ಬರೆಸಿ ಅಂಕ ಕೊಡಬೇಕು ಎಂಬುದು ಬರೆದವರ ಆಸೆ. ಅದಕ್ಕೇ ಅದನ್ನು ಬೆಂಚ್‌ಮಾರ್ಕ್ ಅನ್ನುವುದು. ಉತ್ತರ ಪತ್ರಿಕೆ ತಿದ್ದುವವರ ಕೈಯಲ್ಲಿರುವ ಮಾದರಿ ಉತ್ತರ ಇದ್ದಂತೆ. ಮಾದರಿ ಉತ್ತರವೇ ತಪ್ಪಾಗಿದ್ದರೆ ಸರಿ ಬರೆದವನು ನಪಾಸು, ತಪ್ಪನ್ನು ಬಾಯಿಪಾಠ ಮಾಡಿದವನು ರ‍್ಯಾಂಕು.

ಅದಕ್ಕಾಗಿಯೇ ಇಂಥ ಪೇಪರಿನಲ್ಲಿ ನಾನು ಮೊದಲು ನೋಡುವುದು ಲೇಬಲ್ ಹಾಕಿದವರು ಯಾರು, ಅವರು ಒಬ್ಬರಿಗೊಬ್ಬರು ಎಷ್ಟು ಒಪ್ಪಿದರು ಎಂಬುದನ್ನು. ಒಂದೇ ಫೋಟೋವನ್ನು ಹಲವರು ಬೇರೆ ಬೇರೆಯಾಗಿ ನೋಡಬೇಕು. ಕಣ್ಣು ಮುಚ್ಚಿ ಹಾಕಿದರೂ ಕೆಲವು ಲೇಬಲ್‌ಗಳು ಹೊಂದಿಬಿಡುತ್ತವಲ್ಲ, ಆ ಅದೃಷ್ಟದ ಪಾಲನ್ನು ಕಳೆದು ಉಳಿದ ಒಮ್ಮತವನ್ನು ಒಂದು ಅಂಕಿಯಲ್ಲಿ ಹೇಳುತ್ತಾರೆ. ಅದಕ್ಕೆ ಕಪ್ಪಾ ಎಂದು ಹೆಸರು. ಪೂರ್ತಿ ಒಪ್ಪಿದರೆ ಒಂದು, ಬರೀ ಅದೃಷ್ಟದಷ್ಟೇ ಒಪ್ಪಿದರೆ ಸೊನ್ನೆ.

ಈ ಪೇಪರಿನ ಕಪ್ಪಾ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ ಇತ್ತು. ನನಗೆ ನಗು ಬಂತು. ಗದ್ದೆಯಲ್ಲಿ ಗಾಳಿಗೆ ಅಲ್ಲಾಡುವಾಗ ಯಾರೋ ತೆಗೆದ ಫೋಟೋ, ಅರ್ಧ ಎಲೆ, ಅರ್ಧ ಹೆಬ್ಬೆರಳು. ಅದನ್ನು ನೋಡಿ ಮೂರು ನಾಲ್ಕು ಜನ ಮನುಷ್ಯರು ಇಷ್ಟು ಒಪ್ಪುವುದು ಸಾಧ್ಯವಿಲ್ಲ. ನಮ್ಮ ಕಡೆ ಮೂರು ಜನ ಸೇರಿದರೆ ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದರಲ್ಲೂ ಒಪ್ಪುವುದಿಲ್ಲ.

ಪೇಪರಿನ ಜೊತೆ ಬರೆದವರು ಕಚ್ಚಾ ಫೈಲನ್ನೂ ಕೊಟ್ಟಿದ್ದರು. ಅದೊಂದಕ್ಕೆ ಅವರನ್ನು ಮೆಚ್ಚಬೇಕು. ಯಾವ ಫೋಟೋಗೆ ಯಾರು ಯಾವ ಲೇಬಲ್ ಹಾಕಿದರು, ಯಾವ ಗಳಿಗೆಯಲ್ಲಿ ಹಾಕಿದರು ಎಲ್ಲವೂ ಸಾಲುಸಾಲಾಗಿತ್ತು. ಲೇಬಲ್ ಹಾಕಿದ ನಾಲ್ವರೂ ಈ ಭಾಗದ ಗಂಡಸರು, ತಂತಮ್ಮ ಮನೆಯಲ್ಲಿ ಕೂತು, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದಂತೆ ಮಾಡಿದ್ದಾರೆ ಎಂದು ಪೇಪರು ಹೇಳುತ್ತಿತ್ತು. ನಾನು ವೇಳೆಯ ಕಾಲಂ ಹಿಡಿದು ಜೋಡಿಸಿದೆ. ಒಂದನೆಯವನು ಲೇಬಲ್ ಹಾಕಿದ ನಾಲ್ಕೈದು ಸೆಕೆಂಡಿಗೆ ಎರಡನೆಯವನು, ಅವನ ಹಿಂದೆಯೇ ಮೂರನೆಯವನು. ಅದೇ ಫೋಟೋ, ಅದೇ ಲೇಬಲ್. ಮುಂದಿನ ಫೋಟೋಗೂ ಅದೇ ಮೆರವಣಿಗೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೂವರೂ ಒಂದೇ ನಿಮಿಷಕ್ಕೆ ನಿಲ್ಲಿಸಿ, ಒಂದೇ ನಿಮಿಷಕ್ಕೆ ಶುರು ಮಾಡಿದ್ದರು. ಸಂಜೆ ನಾಲ್ಕಕ್ಕೂ ಹಾಗೆಯೇ. ಮೂರು ಮನೆಗಳಲ್ಲಿ ಒಂದೇ ಗಳಿಗೆಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಕೈ ತೊಳೆದವರಂತೆ.

ಕಪ್ಪಾಗೆ ಅದೃಷ್ಟವನ್ನು ಕಳೆಯಲು ಬರುತ್ತದೆ. ಪಕ್ಕದವನ ಪರದೆ ನೋಡಿದ್ದನ್ನು ಕಳೆಯಲು ಬರುವುದಿಲ್ಲ. ಒಬ್ಬನೇ ಲೇಬಲ್ ಹಾಕಿ ಮೂರು ಸಲ ರುಜು ಮಾಡಿದರೂ ಅದು ಪೂರ್ತಿ ಒಮ್ಮತವೆಂದೇ ತೋರಿಸುತ್ತದೆ. ಈ ಮಾತನ್ನು ರಿವ್ಯೂನಲ್ಲಿ ಹೇಗೆ ಚುರುಕಾಗಿ ಬರೆಯಬೇಕೆಂದು ಮನಸ್ಸಿನಲ್ಲೇ ವಾಕ್ಯ ಹೊಸೆಯುತ್ತಾ, ನಾಲ್ಕನೆಯವನ ಸಾಲುಗಳಿಗೆ ಬಂದೆ.

ನಾಲ್ಕನೆಯವನು ಮೆರವಣಿಗೆಯಲ್ಲಿ ಇರಲಿಲ್ಲ. ಅವನ ವೇಳೆ ಬೇರೆ, ಲೇಬಲ್‌ಗಳೂ ಬೇರೆ. ಮೂವರು ಅಂಗಮಾರಿ ಎಂದ ಕಡೆ ಅವನು ಎಷ್ಟೋ ಸಲ ಖಾಲಿ ಬಿಟ್ಟು, ಷರಾದ ಕಾಲಂನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ. ರೋಗ ಅಲ್ಲ, ಸೌಳು. ಕೆಳಗೆ ಮತ್ತೆ, ಸೌಳು ನೆಲ. ಉಪ್ಪು ಏರಿದ ನೆಲಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಇನ್ನೊಂದು ಕಡೆ, ಫೋಟೋದಾಗ ಗೊತ್ತಾಗಲ್ಲ, ಎಲಿ ಬೇಕು. ಬರೆದವರು ಅದನ್ನು ಓದಿರಲಿಲ್ಲ, ಅಥವಾ ಓದಿಯೂ ಓದಿರಲಿಲ್ಲ. ಪೇಪರಿನಲ್ಲಿ ಅವನ ಬಗ್ಗೆ ಒಂದೇ ವಾಕ್ಯವಿತ್ತು: ಬಹುಮತದೊಂದಿಗೆ ಹೊಂದಾಣಿಕೆ ತೀರಾ ಕಡಿಮೆಯಿದ್ದ ಒಬ್ಬರ ಲೇಬಲ್‌ಗಳನ್ನು ನಾಯ್ಸ್, ಅಂದರೆ ಬೇಡದ ಗದ್ದಲ, ಎಂದು ಪರಿಗಣಿಸಿ, ಹದಿನಾಲ್ಕನೆಯ ಉಲ್ಲೇಖದ ವಿಧಾನದಂತೆ ತೆಗೆದುಹಾಕಲಾಗಿದೆ.

ಯಾರಪ್ಪಾ ಈ ವಿಧಾನದ ಬೃಹಸ್ಪತಿ ಎಂದು ಕೊನೆಯ ಪುಟದ ಉಲ್ಲೇಖಗಳ ಪಟ್ಟಿಗೆ ಹೋಗಿ ನೋಡಿದೆ. ಹದಿನಾಲ್ಕನೆಯದು ನಾನು ಬರೆದ ಪೇಪರು.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವವರನ್ನು ಕಂಡು ನಾನೇ ಎಷ್ಟೋ ಸಲ ಆಡಿಕೊಂಡಿದ್ದೇನೆ. ಅವತ್ತು ಹೆಗ್ಗಣ ನನ್ನ ತಟ್ಟೆಯಲ್ಲಿತ್ತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಅಡುಗೆ ಮನೆಗೆ ಹೋದೆ, ಸುಮ್ಮನೆ ಡಬ್ಬಿಗಳನ್ನು ಒರೆಸಿದೆ. ನಾಚಿಕೆಯಾಯಿತು ಎಂದರೆ ಸುಳ್ಳು, ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಕೆಲವು ವರ್ಷಗಳ ಹಿಂದೆ ನಾನೂ ಇದೇ ಕೆಲಸ ಮಾಡಿದ್ದೆ. ಸಣ್ಣ ಯೋಜನೆ, ಭತ್ತದ ಎಲೆಗಳೇ, ಸಿರುಗುಪ್ಪದ ಕಡೆಯ ಗದ್ದೆಗಳೇ. ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಅಧಿಕಾರಿಯನ್ನು ಜೊತೆಗೆ ಸೇರಿಸಿಕೊಂಡಿದ್ದೆ. ಒಳ್ಳೆಯ ಮನುಷ್ಯ, ಹಣೆ ತುಂಬ ವಿಭೂತಿ, ಗಟ್ಟಿ ದನಿ. ಅವರೂ ಲೇಬಲ್ ಹಾಕುವವರಲ್ಲಿ ಒಬ್ಬರು. ಉಳಿದ ಮೂವರಲ್ಲಿ ಇಬ್ಬರು ನಮ್ಮ ವಿದ್ಯಾರ್ಥಿಗಳು, ನಾಲ್ಕನೆಯವಳು ಕೃಷಿ ಡಿಪ್ಲೊಮಾ ಮಾಡಿದ ಹುಡುಗಿ. ಸಿರುಗುಪ್ಪದಿಂದ ಆಚೆ, ಕಾಲುವೆಯ ಕೊನೆಯಲ್ಲಿರುವ ಹಳ್ಳಿಯವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ನಾಲ್ವರೂ ನಮ್ಮ ಲ್ಯಾಬಿನ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣಬಾರದೆಂದು ಸಾಫ್ಟ್‌ವೇರಿನಲ್ಲಿ ಬೀಗ ಹಾಕಿಸಿದ್ದೆ. ಬಾಯಿಗೆ ಬೀಗ ಹಾಕಿಸುವುದು ಹೊಳೆದಿರಲಿಲ್ಲ.

"ಏನ್ ಹಾಕಿದ್ರಿ ಸರ?" ಎಂದು ಹುಡುಗ ಕೇಳುವುದು.

"ಅಂಗಮಾರಿ ಹಾಕಪಾ, ಅದೇನ್ ನೋಡ್ತಿ," ಎಂದು ಅವರು ಹೇಳುವುದು.

ನಮ್ಮಲ್ಲಿ ಹಿರಿಯರು ಎದುರಿಗೆ ಕೂತಿರುವಾಗ ಅವರನ್ನು ಒಂದು ಮಾತು ಕೇಳದೆ ಕಿರಿಯರು ತೀರ್ಮಾನ ಹೇಳಿದರೆ ಅದು ಸೊಕ್ಕು. ಮದುವೆ ಮಾತುಕತೆಯಿಂದ ಹಿಡಿದು ಸೀರೆ ಬಣ್ಣದವರೆಗೆ ಹಾಗೆಯೇ ಬೆಳೆದವರು ನಾವು. ಆ ಹುಡುಗರು ಮೋಸ ಮಾಡುತ್ತಿರಲಿಲ್ಲ, ಮರ್ಯಾದೆ ಕೊಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರಲ್ಲ ಎಂದು ಖುಷಿಪಟ್ಟು ಚಹಾ ಹೇಳಿ ಕಳಿಸುತ್ತಿದ್ದೆ.

ಆಕೆ ಮಾತ್ರ ಕೇಳುತ್ತಿರಲಿಲ್ಲ. ಸಾಲಿನ ತುದಿಯಲ್ಲಿ ಕೂತು, ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತನ್ನಷ್ಟಕ್ಕೆ ತಾನು ಹಾಕುತ್ತಿದ್ದಳು. ಒಂದು ದಿನ ನನ್ನ ಕೋಣೆಗೆ ಬಂದು ನಿಂತಳು.

"ಮೇಡಂ, ಈ ಫೋಟೋ ನಮ್ಮೂರ ಕಡೀವು ರೀ. ಇದು ರೋಗ ಅಲ್ರಿ. ಸೌಳು ಐತಿ ಅಲ್ಲಿ ನೆಲದಾಗ. ಉಪ್ಪು ಹೆಚ್ಚಾದ್ರ ಎಲಿ ತುದಿ ಹಿಂಗ ಬೆಳ್ಳಗ ಸುಡತೈತ್ರಿ. ನಿಮ್ಮ ಪಟ್ಟ್ಯಾಗ ಅದಕ್ಕ ಜಾಗಾನ ಇಲ್ಲ."

"ಎಲ್ಲರೂ ಅಂಗಮಾರಿ ಅಂತಾರಲ್ಲಮ್ಮ. ಸರ್ ಮೂವತ್ತು ವರ್ಷ ಇದೇ ಕೆಲಸ ಮಾಡಿದವರು," ಎಂದೆ.

"ಸರ್‌ಗೆ ಗೊತ್ತೈತ್ರಿ, ಇಲ್ಲನ್ನಲ್ಲ. ಅವರು ಹೊಲದಾಗ ನಿಂತ ನೋಡಿದ್ರ ಇದನ್ನ ರೋಗ ಅನ್ನೋದಿಲ್ರಿ. ಫೋಟೋ ನೋಡಿ ಅಂತಾರ."

ಆಗ ಅದು ನನಗೆ ಅಧಿಕಪ್ರಸಂಗವೆಂದು ಕಂಡಿತು. ನಾಲ್ಕು ತಿಂಗಳ ಕೆಲಸ ಮುಗಿದಾಗ ಲೆಕ್ಕ ಹಾಕಿದರೆ ಅವಳಿಂದಾಗಿ ಕಪ್ಪಾ ಕುಸಿದಿತ್ತು. ಅವಳನ್ನು ತೆಗೆದರೆ ಒಮ್ಮೆಲೇ ಮೇಲಕ್ಕೆ ಹಾರುತ್ತಿತ್ತು. ತೆಗೆದೆ. ಬಹುಮತಕ್ಕೆ ಹೊಂದದವರನ್ನು ಹೊರಗಿಟ್ಟ ಮೇಲೆ ಒಳಗೆ ಉಳಿದವರು ಒಮ್ಮತದಿಂದ ಇರುವುದು ದೊಡ್ಡ ಸಂಗತಿಯೇನಲ್ಲ, ಅಳತೆಗೋಲನ್ನೇ ಕತ್ತರಿಸಿ ಬಟ್ಟೆ ಸರಿಯಾಗಿದೆ ಎಂದಂತೆ. ಆದರೆ ಪೇಪರಿನಲ್ಲಿ ಅದು ಗುಣಮಟ್ಟ ನಿಯಂತ್ರಣ ಎಂಬ ತಲೆಬರಹದ ಕೆಳಗೆ ಬಹಳ ಚೆನ್ನಾಗಿ ಕಂಡಿತು. ಪ್ರಕಟಿಸಿದ ಫೈಲಿನಿಂದ ಅವಳ ಷರಾದ ಕಾಲಂ ಅನ್ನು ಓದದೆಯೇ ಅಳಿಸಿ ಹಾಕಿದೆ.

ಆಮೇಲೆ ಅವಳು ಅನುಭವ ಪತ್ರ ಕೇಳಲು ಬಂದಳು. ಎಲ್ಲೋ ಒಂದು ಗುತ್ತಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು, ರೈತರಿಗೆ ಬೆಳೆ ಸಲಹೆ ಕೊಡುವ ಕೆಲಸ. ಕಾಲೇಜಿನಲ್ಲಿ ಮಾಡಿದ್ದಕ್ಕೆ ಒಂದು ಕಾಗದ ಬೇಕಿತ್ತು. ಉಳಿದ ಮೂವರಿಗೂ ಕೊಟ್ಟಿದ್ದೆ. ಅವಳಿಗೆ, ನಿನ್ನ ಲೇಬಲ್‌ಗಳನ್ನು ಬಳಸಿಲ್ಲ, ಬಳಸದ ಕೆಲಸಕ್ಕೆ ತೃಪ್ತಿಕರ ಎಂದು ಹೇಗೆ ಬರೆಯಲಿ ಎಂದೆ. ದನಿ ಏರಿಸಿರಲಿಲ್ಲ. ಬಹಳ ನ್ಯಾಯವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ.

"ಆತ್ರಿ," ಎಂದು ಹೋದಳು. ಅಷ್ಟೇ.

ಆ ಭಾನುವಾರ ಮಧ್ಯಾಹ್ನ ನಾನು ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ತೆಗೆದೆ. ಯಾರದೋ ಪೇಪರಿಗೆ ಮಾಡಿದ ಪರೀಕ್ಷೆಯನ್ನೇ ನನ್ನ ಕಚ್ಚಾ ಫೈಲಿಗೂ ಮಾಡಿದೆ. ಅದೇ ಮೆರವಣಿಗೆ. ಮುಂದೆ ಅಧಿಕಾರಿ, ಹಿಂದೆ ಇಬ್ಬರು ಹುಡುಗರು. ನಡುವೆ ಒಂದು ವಾರ ಮಾತ್ರ ಸಾಲು ತಪ್ಪಿತ್ತು, ಹುಡುಗರಿಬ್ಬರೂ ತಲಾ ಒಂದೊಂದು ಹೇಳಿದ್ದರು. ನೆನಪಾಯಿತು. ಆ ವಾರ ಅಧಿಕಾರಿಯವರು ಮಗಳ ಸೀಮಂತಕ್ಕೆಂದು ರಜೆ ಹಾಕಿದ್ದರು. ಆ ವಾರದ ಲೇಬಲ್‌ಗಳು ಹಾಳಾಗಿವೆ ಎಂದು ನಾನೇ ಅವರು ಬಂದ ಮೇಲೆ ಮತ್ತೊಮ್ಮೆ ಹಾಕಿಸಿದ್ದೆ. ನಾಲ್ಕು ತಿಂಗಳಲ್ಲಿ ಆ ಹುಡುಗರು ಸ್ವಂತ ಕಣ್ಣಿನಿಂದ ನೋಡಿದ್ದು ಒಂದೇ ವಾರ, ಅದನ್ನೂ ನಾನು ಉಳಿಸಲಿಲ್ಲ. ಅವಳ ಲೇಬಲ್‌ಗಳು ಆ ವಾರವೂ ಉಳಿದ ವಾರಗಳಂತೆಯೇ ಇದ್ದವು.

ಮೊದಲು ರಿವ್ಯೂ ಬರೆದೆ. ಚುರುಕಾದ ವಾಕ್ಯಗಳನ್ನೆಲ್ಲ ಬಿಟ್ಟು ಸೌಮ್ಯವಾಗಿಯೇ ಬರೆದೆ. ವೇಳೆಯ ಕಾಲಂ ನೋಡಿದರೆ ಮೂವರೂ ಸ್ವತಂತ್ರವಾಗಿ ಕೆಲಸ ಮಾಡಿದ್ದಾರೆಂದು ನಂಬಲಾಗುವುದಿಲ್ಲ. ಹಾಗಾಗಿ ಕಪ್ಪಾದ ಅಂಕಿಗೆ ಅರ್ಥವಿಲ್ಲ. ನಾಲ್ಕನೆಯವರೇ ಸರಿ ಎಂದು ನಾನು ಹೇಳುತ್ತಿಲ್ಲ, ಅವರು ತಪ್ಪು ಎನ್ನಲು ನಿಮ್ಮ ಹತ್ತಿರ ಆಧಾರವಿಲ್ಲ ಎನ್ನುತ್ತಿದ್ದೇನೆ. ಅವರ ಷರಾ ಓದಿ, ರೋಗವಲ್ಲದ ಸುಡುವಿಕೆಗೆ ಮತ್ತು ಫೋಟೋದಲ್ಲಿ ಹೇಳಲಾಗದು ಎನ್ನುವುದಕ್ಕೆ ಪಟ್ಟಿಯಲ್ಲಿ ಜಾಗ ಕೊಡಿ. ಫೋಟೋಗಳ ಒಂದು ಭಾಗವನ್ನು ಚೀಟಿ ಎತ್ತಿದಂತೆ ಆರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಕೋಣೆಯಲ್ಲಿ ಕೊಟ್ಟು ಮತ್ತೆ ಲೇಬಲ್ ಹಾಕಿಸಿ. ಯಾರನ್ನೂ ತೆಗೆಯದೆ ಲೆಕ್ಕ ಹಾಕಿ, ರೋಗವೊಂದೊಂದಕ್ಕೂ ಪ್ರತ್ಯೇಕವಾಗಿ ತೋರಿಸಿ. ಸಾಧ್ಯವಾದಷ್ಟು ಕಡೆ ಎಲೆಯನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಇವೆಲ್ಲ ಆಗುವ ತನಕ ಇದನ್ನು ಬೆಂಚ್‌ಮಾರ್ಕ್ ಎನ್ನಲಾಗದು. ನನ್ನ ಶಿಫಾರಸು: ತಿರಸ್ಕಾರ.

ಕೆಲವು ವಾರಕ್ಕೆ ಬರೆದವರ ಉತ್ತರ ಬಂತು. ನಮಸ್ಕಾರ, ಧನ್ಯವಾದಗಳ ನಂತರ ಅವರು ಹೇಳಿದ್ದು ಇಷ್ಟು: ವಿಮರ್ಶಕರಿಗೆ ಈ ಪ್ರದೇಶದ ಬೆಳೆಯ ಬಗ್ಗೆ ಪರಿಚಯ ಕಡಿಮೆ ಇರಬಹುದು. ಹೊಂದಾಣಿಕೆ ಕಡಿಮೆಯಿರುವವರನ್ನು ತೆಗೆಯುವುದು ಒಪ್ಪಿತ ಪದ್ಧತಿ, ಇದೇ ಜಿಲ್ಲೆಯ ಭತ್ತದ ಮೇಲೆ ಮಾಡಿದ ಹದಿನಾಲ್ಕನೆಯ ಉಲ್ಲೇಖವನ್ನು ದಯವಿಟ್ಟು ನೋಡಿ.

ನನಗೆ ನನ್ನನ್ನೇ ಓದಿಕೊಂಡು ಬಾ ಎಂದಿದ್ದರು. ಓದಿದೆ. ಚೆನ್ನಾಗಿಯೇ ಬರೆದಿದ್ದೆ, ಅದೇ ನೋವು. ಉಳಿದ ಇಬ್ಬರು ವಿಮರ್ಶಕರು ಉತ್ತರ ಸಮಾಧಾನಕರವಾಗಿದೆ ಎಂದು ಅಂಕ ಹೆಚ್ಚಿಸಿದರು. ಷರಾದ ಕಾಲಂನ ಕನ್ನಡ ಅವರಿಗೆ ಓದಲು ಬರುತ್ತಿರಲಿಲ್ಲವೇನೋ.

ಸಮ್ಮೇಳನದ ಮುಖ್ಯಸ್ಥರಿಗೆ ಮಾತ್ರ ಕಾಣುವ ಗುಟ್ಟಿನ ಪೆಟ್ಟಿಗೆಯೊಂದಿರುತ್ತದೆ. ಅದರಲ್ಲಿ ಬರೆದೆ: ಆ ಹದಿನಾಲ್ಕನೆಯ ಉಲ್ಲೇಖ ನನ್ನದು, ಅದರಲ್ಲಿ ನಾನು ಮಾಡಿದ್ದು ತಪ್ಪು, ಅದೇ ತಪ್ಪು ಇಲ್ಲಿಯೂ ಆಗಿದೆ. ಅವರ ಉತ್ತರ ಸಭ್ಯವಾಗಿತ್ತು. ನಿಮ್ಮ ಪ್ರಾಮಾಣಿಕತೆ ದೊಡ್ಡದು, ಆದರೆ ಪ್ರಕಟವಾಗಿ ನಿಂತಿರುವ ನಿಮ್ಮ ಪೇಪರನ್ನು ವಿಮರ್ಶಕರ ಖಾಸಗಿ ಮಾತಿನ ಮೇಲೆ ತಳ್ಳಿಹಾಕುವುದು ಕಷ್ಟ, ನೀವು ತಿದ್ದುಪಡಿ ಪ್ರಕಟಿಸಿದರೆ ಮುಂದಿನವರಿಗೆ ಅನುಕೂಲ. ಮಾತು ಸರಿಯೇ. ರಿವ್ಯೂಗೆ ಬಂದಿದ್ದ ಪೇಪರು ಸ್ವೀಕೃತವಾಯಿತು.

ತಿದ್ದುಪಡಿಗೆ ಜೊತೆಗಾರರ ಒಪ್ಪಿಗೆ ಬೇಕು. ಅಧಿಕಾರಿಯವರಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಮೇಡಂ, ಮೂರು ಮಂದಿ ಒಪ್ಪಿದ್ದು ಸುಳ್ಳ ಹೆಂಗಾಗತೈತ್ರಿ?"

"ಮೂವರಲ್ಲ ಸರ್, ಒಬ್ಬರೇ. ನೀವೊಬ್ಬರೇ. ಅವರು ನಿಮ್ಮನ್ನು ಕೇಳಿ ಹಾಕಿದರು."

"ಕೇಳಿದ್ರು, ಹೇಳೀನಿ. ಕೇಳಿದವರಿಗೆ ಹೇಳಬಾರದಂತ ನೀವು ಒಂದಿನಾನೂ ಅನ್ನಲಿಲ್ಲಲ್ರಿ."

ಹೌದು, ಅಂದಿರಲಿಲ್ಲ ಎಂದೆ. ಒಪ್ಪಿಗೆ ಕೊಟ್ಟರು, ಆದರೆ ಇವತ್ತಿನವರೆಗೂ ನನ್ನ ಫೋನು ಎತ್ತುವುದಿಲ್ಲ.

ತಿದ್ದುಪಡಿಯಲ್ಲಿ ಬರೀ ತಪ್ಪಾಯಿತು ಎಂದರೆ ಸಾಲದು. ಎಷ್ಟು ತಪ್ಪಾಯಿತು ಎಂದು ಹೇಳಬೇಕು. ಅದಕ್ಕೆ ಅವಳು ಬೇಕಿತ್ತು. ಇನ್ನೊಂದು ಕಾರಣಕ್ಕೂ ಬೇಕಿತ್ತು. ಅಷ್ಟರಲ್ಲಿ ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಅವಳ ಅನುಭವ ಪತ್ರವನ್ನು ಟೈಪ್ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ ಇಟ್ಟುಕೊಂಡಿದ್ದೆ. ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ ಎಂಬ ಆಸೆ. ವಿದ್ಯಾರ್ಥಿಯೊಬ್ಬನ ಹತ್ತಿರ ನಂಬರು ಸಿಕ್ಕಿತು. ಅವಳನ್ನು ಬಾದನಹಟ್ಟಿಗೆ ಮದುವೆ ಮಾಡಿಕೊಟ್ಟಿದ್ದರು, ಹತ್ತಿರದ ಕುರುಗೋಡಿನಲ್ಲಿ ಮಾವನ ಗೊಬ್ಬರ, ಔಷಧದ ಅಂಗಡಿ ನೋಡಿಕೊಳ್ಳುತ್ತಿದ್ದಳು.

"ಬರ್ರಿ ಮೇಡಂ. ಮಧ್ಯಾಹ್ನದ ಮ್ಯಾಲ ಬರ್ರಿ, ಗಿರಾಕಿ ಕಮ್ಮಿ ಇರತಾವ," ಎಂದಳು. ಯಾಕೆ ಎಂದು ಕೇಳಲಿಲ್ಲ.

ನಾನು ಹೋದಾಗ ಗಿರಾಕಿ ಇದ್ದ. ಟವೆಲು ಹೆಗಲಿಗೆ ಹಾಕಿಕೊಂಡ ಒಬ್ಬ ರೈತ ಮೊಬೈಲಿನ ಪರದೆಯನ್ನು ಅವಳ ಮುಖಕ್ಕೇ ಹಿಡಿದು ನಿಂತಿದ್ದ.

"ಫೋನಿನ್ಯಾಗ ಅಂಗಮಾರಿ ಅಂತ ಬಂದೈತಿ ನೋಡವಾ. ಅದರ ಔಷಧ ಕೊಡು."

"ಎಲಿ ತಂದೀ ಏನಣ್ಣ?"

ಅವನು ಜೇಬಿನಿಂದ ಬಾಡಿದ ಎರಡು ಎಲೆ ತೆಗೆದ. ಕಟ್ಟೆಯ ಮೇಲೆ ಒಂದು ಗಾಜಿನ ಗ್ಲಾಸಿನಲ್ಲಿ ನೀರಿತ್ತು. ಆಕೆ ಕತ್ತರಿಯಿಂದ ಸುಟ್ಟ ಭಾಗದ ಅಂಚಿನಲ್ಲಿ ಎಲೆ ಕತ್ತರಿಸಿ, ಕತ್ತರಿಸಿದ ತುದಿಯನ್ನು ನೀರಿಗೆ ಇಳಿಬಿಟ್ಟಳು.

"ರೋಗ ಇದ್ರ ತುದಿಯಿಂದ ಹಾಲಿನಂಗ ಇಳಿತೈತಿ. ಸ್ವಲ್ಪ ನಿಲ್ಲು."

ಮೂವರೂ ಗ್ಲಾಸನ್ನೇ ನೋಡುತ್ತಾ ನಿಂತೆವು. ನೀರು ತಿಳಿಯಾಗಿಯೇ ಇತ್ತು. ಎರಡನೆಯ ಎಲೆಗೂ ಅಷ್ಟೇ.

"ಇದು ರೋಗ ಅಲ್ಲಣ್ಣ, ಸೌಳು ಇರಬೇಕು. ಮಣ್ಣು ಪರೀಕ್ಷಾ ಮಾಡಸು. ನೀರು ಹಾಯಿಸಿ ಹೊರಗ ಬಸಿ. ಔಷಧ ಹೊಡೆದ್ರ ಏನೂ ಆಗಂಗಿಲ್ಲ."

"ನೀ ದೊಡ್ಡಾಕಿ ಆದಿ. ಫೋನಿಗಿಂತ ನಿನಗ ಗೊತ್ತೈತೇನು?" ಎಂದು ಅವನು ಎದುರಿನ ಅಂಗಡಿಗೆ ಹೋದ. ಅಲ್ಲಿಂದ ಡಬ್ಬಿ ಹಿಡಿದು ಹೊರಟಿದ್ದನ್ನೂ ನೋಡಿದೆವು.

"ದಿನಾ ಇದ ರೀ. ಕುಂದರ್ರಿ," ಎಂದು ಅವಳು ಸ್ಟೂಲು ಒರೆಸಿದಳು.

ಆ ಫೋನಿನ ಆ್ಯಪು ಯಾವುದೆಂದು ನೋಡಿಕೊಂಡಿದ್ದೆ. ಅದು ಯಾವ ಯಾವ ಫೋಟೋಗಳಿಂದ ಕಲಿತಿದೆ ಎಂದು ಅದನ್ನು ಮಾಡಿದವರು ಬಹಿರಂಗವಾಗಿಯೇ ಪಟ್ಟಿ ಹಾಕಿದ್ದಾರೆ. ನನ್ನವೂ ಆ ಪಟ್ಟಿಯಲ್ಲಿವೆ. ಅದನ್ನು ಅವಳಿಗೆ ಹೇಳಿದೆ. ತಲೆಯಾಡಿಸಿದಳು, ಗೊತ್ತಿದ್ದವಳಂತೆ.

ರಿವ್ಯೂಗೆ ಬಂದಿದ್ದ ಪೇಪರಿನ ಸುದ್ದಿ ಎತ್ತಲಿಲ್ಲ, ಎತ್ತುವ ಹಾಗಿರಲಿಲ್ಲ. ನನ್ನ ಹಳೆಯ ಫೋಟೋಗಳಲ್ಲೇ ಒಂದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ, ಹಳೆಯ ಲೇಬಲ್‌ಗಳನ್ನೂ ಅವಳದೇ ಷರಾವನ್ನೂ ಕಾಣದಂತೆ ಮಾಡಿ ತಂದಿದ್ದೆ. ಈ ಸಲ ಪಟ್ಟಿಯಲ್ಲಿ ಎರಡು ಜಾಗ ಹೆಚ್ಚಿದ್ದವು: ಸೌಳು, ಮತ್ತು ಫೋಟೋದಲ್ಲಿ ಹೇಳಲಾಗದು. ಇವೇ ಫೋಟೋಗಳನ್ನು ಬೆಂಗಳೂರಿನಲ್ಲಿ ಸಸ್ಯರೋಗ ಕಲಿಸುವ ಇಬ್ಬರಿಗೆ ಬೇರೆ ಬೇರೆಯಾಗಿ, ಬೇರೆ ಕ್ರಮದಲ್ಲಿ ಕಳಿಸಿದ್ದೆ. ಅವಳು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಡುವೆ ಬಂದ ಗಿರಾಕಿಗಳಿಗೆ ಬೀಜದ ಚೀಲ ತೂಕ ಹಾಕಿ ಕೊಡುತ್ತಾ, ಸಂಜೆವರೆಗೆ ನೋಡಿದಳು. ನಾನು ದೂರ, ಬಾಗಿಲ ಹತ್ತಿರ ಕೂತೆ. ಏನು ಹಾಕಿದೆ ಎಂದು ಕೇಳಲಿಲ್ಲ.

ಮುಗಿದ ಮೇಲೆ ಅವಳ ಎದುರಿಗೇ ಹಳೆಯದನ್ನೂ ಹೊಸದನ್ನೂ ಹೋಲಿಸಿದೆ. ಸೌಳು ಎಂದವಳು ಬಹುಪಾಲು ಸೌಳು ಎಂದೇ ಅಂದಿದ್ದಳು. ಆದರೆ ಕೆಲವು ಫೋಟೋಗಳಲ್ಲಿ ಅವಳ ಮಾತು ಬದಲಾಗಿತ್ತು. ಅದನ್ನು ಅವಳೇ ಮೊದಲು ಎತ್ತಿ ತೋರಿಸಿದಳು.

"ಇವು ಏಳೆಂಟು ನೋಡ್ರಿ, ಆವಾಗ ಸೌಳು ಅಂದಿದ್ನಿ. ಇವು ರೋಗಾನ ರೀ. ಆವಾಗ ನನಗ ಹಟ ಇತ್ತು. ಎಲ್ಲಾರೂ ರೋಗ ಅಂದ್ರ ನಾನು ಸೌಳು ಅನ್ನಾಕ ಹತ್ತಿದ್ನಿ. ಅದನ್ನೂ ಬರಕೊಳ್ರಿ."

ಬರೆದುಕೊಂಡೆ. ನನ್ನ ಪೇಪರಿನಲ್ಲಿ ಕೆಲಸ ಮಾಡಿದ ಐದು ಜನರಲ್ಲಿ, ನಾನೂ ಸೇರಿ, ತನ್ನ ತಪ್ಪನ್ನು ಕಂಡ ಗಳಿಗೆಯಲ್ಲೇ, ಯಾರೂ ಕೇಳದೆ, ಹೇಳಿದವಳು ಇವಳೊಬ್ಬಳೇ. ಅವಳನ್ನೇ ನಾನು ನಾಯ್ಸ್ ಎಂದು ಬರೆದಿದ್ದೆ. ಬೆಂಗಳೂರಿನವರ ಉತ್ತರ ಆಮೇಲೆ ಬಂತು. ಅವರು ತಮ್ಮ ತಮ್ಮೊಳಗೆ ಎಲ್ಲದರಲ್ಲೂ ಒಪ್ಪಿರಲಿಲ್ಲ, ಒಪ್ಪಿದ ಕಡೆ ಹೆಚ್ಚಾಗಿ ಅವಳ ಪಕ್ಕದಲ್ಲಿ ನಿಂತಿದ್ದರು.

ಹೊರಡುವ ಹೊತ್ತಿಗೆ ಬ್ಯಾಗಿನಿಂದ ಅನುಭವ ಪತ್ರ ತೆಗೆದು ಅವಳ ಕೈಗಿಟ್ಟೆ. ಅವಳು ನಿಂತೇ ಓದಿದಳು.

"ಆ ಕೆಲಸಕ್ಕೆ ಇನ್ನೊಮ್ಮೆ ಅರ್ಜಿ ಹಾಕು," ಎಂದೆ.

"ಅದಕ್ಕ ಅರ್ಜಿ ಹಾಕೋ ವಯಸ್ಸು ದಾಟೇತ್ರಿ ಮೇಡಂ. ಹೋದ ವರ್ಷಕ್ಕ ಮುಗೀತು."

ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಪ್ಪಾಯಿತಮ್ಮ ಎಂದೆ. ಅಷ್ಟು ವರ್ಷ ತಡವಾದ ಮಾತು ನನ್ನ ಬಾಯಿಯಲ್ಲೇ ಹಳಸಿದಂತೆ ಇತ್ತು. ಅವಳು ಪತ್ರವನ್ನು ಕಟ್ಟೆಯ ಮೇಲೆ ಬಿಡಿಸಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ, 'ಎಲ್ಲರೊಂದಿಗೆ ಹೊಂದಿಕೊಂಡು ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ' ಅಂತ ಬರೆಸೀರಿ. ಇದು ಸುಳ್ಳ ಐತ್ರಿ. ಹೊಡದ ಹಾಕ್ರಿ."

ಎಲ್ಲರ ಪತ್ರದಲ್ಲೂ ಇರುವ ಸಾಲು ಅದು. ಟೈಪ್ ಮಾಡುವವರು ಕಣ್ಣು ಮುಚ್ಚಿ ಹಾಕುತ್ತಾರೆ, ನಾನು ಕಣ್ಣು ಮುಚ್ಚಿ ಸಹಿ ಮಾಡಿದ್ದೆ.

"ಏನಂತ ಬರೆಯಲಿ?"

"ಮೂರು ಮಂದಿ ಒಂದ ಹೇಳಿದಾಗ ಈಕಿ ಒಪ್ಪಲಿಲ್ಲ, ಈಕಿ ಹೇಳಿದ್ದನ್ನ ನಾವು ಓದದನ ಅಳಿಸಿದ್ವಿ, ಹಂಗ ಬರೀರಿ. ಇದ್ದದ್ದು ಇದ್ದಂಗ."

"ಅದನ್ನು ಯಾರಿಗೆ ತೋರಿಸುತ್ತಿ?"

ಅವಳು ಕಟ್ಟೆಯ ಹಿಂದಿನ ಗೋಡೆ ನೋಡಿದಳು. ಅಲ್ಲಿ ದೇವರ ಪಟದ ಪಕ್ಕ, ಅಂಗಡಿಯ ಲೈಸೆನ್ಸಿನ ಪಕ್ಕ ಒಂದು ಮೊಳೆ ಖಾಲಿ ಇತ್ತು.

"ಫ್ರೇಮ್ ಹಾಕಿಸಿ ಅಲ್ಲಿ ತೂಗ ಹಾಕ್ತೀನ್ರಿ. ಫೋನ್ ತೋರಿಸೋರಿಗೆ ತೋರಿಸ್ತೀನಿ."

ಕಾಲೇಜಿನ ಲಾಂಛನದ ಕೆಳಗೆ, ಟೈಪಾದ ಸಾಲನ್ನು ಗೀಟು ಎಳೆದು ಹೊಡೆದು, ಅವಳು ಹೇಳಿದ್ದನ್ನು ಕೈಯಿಂದ ಬರೆದೆ. ಬರೆಯುವಾಗ ಪೆನ್ನು ಕೆಂಪಿನದೆಂದು ಗಮನಿಸಿರಲಿಲ್ಲ. ಅವಳು ಬಗ್ಗಿ ಅಕ್ಷರ ಅಕ್ಷರ ಓದಿಕೊಂಡಳು. ಮೊದಲೇ ಹಾಕಿದ್ದ ಸಹಿ ಆ ಹಳೆಯ ಸಾಲಿಗಾಯಿತು, ಇದಕ್ಕೆ ಇನ್ನೊಂದು ಹಾಕ್ರಿ ಎಂದಳು. ಹಾಕಿದೆ.